ಕಾರು ಪೂರ್ತಿ ಹಾಳಾದರೆ ಸಿಗುವುದು ಐಡಿವಿಯೋ, ಕೊಂಡ ಬೆಲೆಯೋ?

ಪ್ರಶ್ನೆ: ಹೋದ ವರ್ಷ ಸಾಲ ಮಾಡಿ 9 ಲಕ್ಷದ ಹೊಸ ಕಾರು ತಗೊಂಡೇವಿ. ವಿಮೆ ರಿನ್ಯೂವಲ್‌ಗೆ ಹೋದಾಗ ಏಜೆಂಟರು ‘ರಿಟರ್ನ್ ಟು ಇನ್ವಾಯ್ಸ್ ಹಾಕಲೇನ್ರಿ?’ ಅಂದ್ರು. ಫುಲ್ ಇನ್ಶೂರೆನ್ಸ್ ಇದ್ದ ಮ್ಯಾಲೆ ಅದು ಯಾಕ ಬೇಕ್ರಿ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಫುಲ್ ಇನ್ಶೂರೆನ್ಸ್ ಇದ್ದರೂ ಕಾರು ಪೂರ್ತಿ ಹೋದಾಗ ಕಂಪನಿ ಕೊಡುವುದು ಪಾಲಿಸಿಯಲ್ಲಿ ನಮೂದಾದ ಐಡಿವಿ ಮಾತ್ರ. ಎಕ್ಸ್-ಶೋರೂಮ್ ಬೆಲೆಯಲ್ಲಿ ಸವಕಳಿ ಕಳೆದರೆ ಉಳಿಯುವುದೇ ಐಡಿವಿ. ವರ್ಷ ದಾಟಿದ ಕಾರಿಗೆ ಸವಕಳಿ 20%, ಅಂದರೆ ನಿಮ್ಮ ಕಾರಿನ ಐಡಿವಿ 7,20,000. ನೀವು ಕಟ್ಟಿದ ರೋಡ್ ಟ್ಯಾಕ್ಸ್ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಕಬ್ಬಿನ ಹಂಗಾಮಿನ ಒಂದು ರಾತ್ರಿ, ವಿಜಯಪುರ ರಸ್ತೆಯಲ್ಲಿ, ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರೇಲರ್‌ಗೆ ಕಾರು ಹಿಂದಿನಿಂದ ಗುದ್ದಿತು ಎನ್ನಿ. ಸರ್ವೇಯರ್ ಹಾಕಿದ ರಿಪೇರಿ ಅಂದಾಜು 5,80,000. ಐಡಿವಿಯ 75%, ಅಂದರೆ 5,40,000 ಮೀರಿದ್ದರಿಂದ ಇದು ಟೋಟಲ್ ಲಾಸ್. ಸಾಮಾನ್ಯ ಪಾಲಿಸಿಯಲ್ಲಿ ಕಡ್ಡಾಯ ಕಡಿತ 1,000 ಹೋಗಿ 7,19,000 ಮಂಜೂರಾಗುತ್ತದೆ. ಹಣ ಮೊದಲು ಹೋಗುವುದು ಬ್ಯಾಂಕಿಗೆ. ಸಾಲ 7,60,000 ಬಾಕಿ ಇದ್ದರೆ ಕಾರೂ ಇಲ್ಲ, ಮೇಲೆ 41,000 ನೀವೇ ತುಂಬಬೇಕು.

ರಿಟರ್ನ್ ಟು ಇನ್ವಾಯ್ಸ್ ಇದ್ದರೆ ಐಡಿವಿಗೂ ಇನ್ವಾಯ್ಸ್ ಬೆಲೆಗೂ ನಡುವಿನ ಅಂತರವನ್ನು ಕಂಪನಿಯೇ ತುಂಬುತ್ತದೆ. ಹಲವು ಪಾಲಿಸಿಗಳಲ್ಲಿ ರೋಡ್ ಟ್ಯಾಕ್ಸ್, ನೋಂದಣಿ ಶುಲ್ಕವೂ ಸೇರುತ್ತವೆ. ನಿಮ್ಮ ಕಾರಿಗೆ ಅವು ಸುಮಾರು 1,40,000 ಆಗಿದ್ದರೆ ಒಟ್ಟು ಬರುವುದು 10,39,000. ಸಾಲ ತೀರಿ 2,79,000 ನಿಮ್ಮ ಕೈಗೆ ಉಳಿಯುತ್ತದೆ. ಕಾರು ಕಳುವಾಗಿ ಪೊಲೀಸರು ‘ಪತ್ತೆಯಾಗಿಲ್ಲ’ ಎಂದು ವರದಿ ಕೊಟ್ಟಾಗಲೂ ಇದೇ ಲೆಕ್ಕ. ಆಗ ಎರಡೂ ಕೀಲಿ ಒಪ್ಪಿಸಬೇಕು, ಒಂದು ಕಳೆದಿದ್ದರೂ ಕ್ಲೇಮ್‌ಗೆ ತಕರಾರು ಬರುತ್ತದೆ.

ಆದರೆ ಅದೇ ಅಂದಾಜು 5,30,000 ಆಗಿದ್ದರೆ? ಕಾರು ಗ್ಯಾರೇಜಿಗೆ ಹೋಗಿ ರಿಪೇರಿಯಾಗುತ್ತದೆ, ಈ ಕವರ್‌ನಿಂದ ಒಂದು ರೂಪಾಯಿಯೂ ಬರುವುದಿಲ್ಲ. ಬಂಪರ್, ಬಾಗಿಲು ಬದಲಿಸುವಾಗ ಸವಕಳಿ ಕಡಿತ ತಪ್ಪಿಸುವುದು ಝೀರೋ ಡೆಪ್ರಿಸಿಯೇಶನ್, ಅದು ಬೇರೆ ಕವರ್. ಎರಡನ್ನೂ ಒಂದೇ ಎಂದು ತಿಳಿದು ಮೋಸಹೋಗುವವರು ಬಹಳ.

ಜನ ಎಡವುವುದು ಹೆಚ್ಚಾಗಿ ನೀವು ಈಗ ನಿಂತಿರುವ ಜಾಗದಲ್ಲೇ, ರಿನ್ಯೂವಲ್‌ನಲ್ಲಿ. ಹೊಸ ಕಾರಿಗೆ ‘3 ವರ್ಷದ ಇನ್ಶೂರೆನ್ಸ್’ ಎಂದು ಕೊಡುವುದರಲ್ಲಿ 3 ವರ್ಷದ್ದು ಥರ್ಡ್ ಪಾರ್ಟಿ. ಸ್ವಂತ ಕಾರಿನ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು, ಈ ಕವರ್ ಅದರ ಜೊತೆಗೇ ಮುಗಿಯುತ್ತದೆ. ಅಗ್ಗದ ಪ್ರೀಮಿಯಂ ನೋಡಿ ಬೇರೆ ಕಡೆ ಮಾಡಿಸಿದಾಗ ಇದು ಸದ್ದಿಲ್ಲದೆ ಬಿಟ್ಟುಹೋಗಿರುತ್ತದೆ. ಪಾಲಿಸಿ ಪ್ರತಿಯ ಆಡ್-ಆನ್ ಪಟ್ಟಿಯಲ್ಲಿ ಹೆಸರು ಇದೆಯೇ, ಮೊತ್ತದಲ್ಲಿ ರೋಡ್ ಟ್ಯಾಕ್ಸ್ ಸೇರಿದೆಯೇ ಎಂದು ನೀವೇ ಓದಿ ನೋಡಿ. ‘ಇನ್ವಾಯ್ಸ್ ಬೆಲೆ ಅಥವಾ ಈಗಿನ ಬೆಲೆ, ಯಾವುದು ಕಡಿಮೆಯೋ ಅದು’ ಎಂಬ ಸಾಲಿದ್ದರೆ, 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿಯುವ ಮೊದಲು ಕೊಂಡ ಕಾರಿಗೆ ನಿಮ್ಮ ಬಿಲ್‌ಗಿಂತ ಕಡಿಮೆ ಸಿಗಬಹುದು. ಹೊರಗಡೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಸೀಟ್ ಕವರ್ ಲೆಕ್ಕಕ್ಕಿಲ್ಲ.

ಸಾಲ ಬಾಕಿ ಇರುವ ತನಕ ಹಾಕಿಸಿಕೊಳ್ಳಿ, ಡೀಲರ್ ಕೊಟ್ಟ ಮೂಲ ಟ್ಯಾಕ್ಸ್ ಇನ್ವಾಯ್ಸ್ ಮತ್ತು ರೋಡ್ ಟ್ಯಾಕ್ಸ್ ರಸೀದಿಯನ್ನು ಮನೆಯಲ್ಲಿಡಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿಟ್ಟರೆ ಕಾರಿನ ಜೊತೆ ಅವೂ ಹೋಗುತ್ತವೆ.