ಬೆಂಡಿನ ಹೊರಗೋಡೆ, ಒಳಗೋಡೆ ಮತ್ತು ನಡುವಿನ ಒತ್ತಡ

ಫ್ಲೋಮೀಟರ್ ಇಲ್ಲದ ಕೊಳವೆಯಲ್ಲಿ ಎಷ್ಟು ನೀರು ಹೋಗುತ್ತಿದೆ ಎಂದು ತಿಳಿಯಬೇಕೆ? ಸಾಲಿನಲ್ಲಿ ಒಂದು 90 ಡಿಗ್ರಿ ಬೆಂಡ್ ಇದ್ದರೆ ಕೊಳವೆ ಕತ್ತರಿಸದೆಯೇ ಅಳೆಯಬಹುದು. ಬೆಂಡಿನ ಹೊರಗೋಡೆಯಲ್ಲೊಂದು, ಒಳಗೋಡೆಯಲ್ಲೊಂದು ಸಣ್ಣ ತೂತು, ಎರಡಕ್ಕೂ ಸೇರಿ ಒತ್ತಡದ ವ್ಯತ್ಯಾಸ ತೋರಿಸುವ ಒಂದು ಮ್ಯಾನೋಮೀಟರ್. ಇಷ್ಟೇ ಸಲಕರಣೆ. ಆದರೆ ಅದು ತೋರಿಸುವ ಅಂಕಿಯನ್ನು ನಂಬಬೇಕಾದರೆ ಆ ಒತ್ತಡದ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ಸ್ಪಷ್ಟವಿರಬೇಕು.

ಬೆಂಡಿನಲ್ಲಿ ತಿರುಗುತ್ತಿರುವ ನೀರಿನ ಒಂದು ಸಣ್ಣ ತುಣುಕನ್ನು ನೋಡೋಣ. ಅದರ ವೇಗ V, ಅದು ಹಿಡಿದ ದಾರಿಯ ತ್ರಿಜ್ಯ r. ನೇರ ಹೋಗಬೇಕಾದ ತುಣುಕು ತಿರುಗಬೇಕಾದರೆ ಯಾವುದೋ ಬಲ ಅದನ್ನು ತಿರುವಿನ ಕೇಂದ್ರದ ಕಡೆಗೆ ತಳ್ಳುತ್ತಿರಬೇಕು. ಕಲ್ಲು ಕಟ್ಟಿ ಬೀಸುವಾಗ ಆ ಕೆಲಸ ಹಗ್ಗದ್ದು. ನೀರಿಗೆ ಹಗ್ಗವಿಲ್ಲ, ಪಕ್ಕದ ನೀರೇ ತಳ್ಳಬೇಕು. ಹೊರಮಗ್ಗುಲಿನ ಒತ್ತಡ ಒಳಮಗ್ಗುಲಿಗಿಂತ ಹೆಚ್ಚಿದ್ದರೆ ಮಾತ್ರ ಅದು ಸಾಧ್ಯ. p ಒತ್ತಡ, ρ ನೀರಿನ ಸಾಂದ್ರತೆ, g ಗುರುತ್ವ ವೇಗೋತ್ಕರ್ಷ, z ಎತ್ತರ ಎಂದಿಟ್ಟು ಹರಿವಿನ ರೇಖೆಗೆ ಅಡ್ಡಲಾಗಿ ನ್ಯೂಟನ್ನನ ನಿಯಮ ಬರೆದರೆ ಸಿಗುವುದು ಇದು:

```
d(p + ρgz)/dr = ρV²/r
```

ಕೇಂದ್ರದಿಂದ ಹೊರಗೆ ಸಾಗಿದಂತೆ ಒತ್ತಡ ಏರುತ್ತದೆ. r ತುಂಬ ದೊಡ್ಡದಾದರೆ, ಅಂದರೆ ಕೊಳವೆ ನೇರವಿದ್ದರೆ, ಬಲಬದಿ ಸೊನ್ನೆಯಾಗುತ್ತದೆ. ನೇರ ಕೊಳವೆಯಲ್ಲಿ ಸುತ್ತ ಎಲ್ಲಿ ತೂತು ಕೊರೆದರೂ, ಎತ್ತರದ ವ್ಯತ್ಯಾಸ ಬಿಟ್ಟು, ಒಂದೇ ಒತ್ತಡ ಸಿಗುವುದು ಇದರಿಂದಲೇ.

ಇಲ್ಲಿ ಅನೇಕರು ಎಡವುತ್ತಾರೆ. ಹೊರಗಿನ ದಾರಿ ಉದ್ದ, ಆದ್ದರಿಂದ ಅಲ್ಲಿ ನೀರು ಜೋರಾಗಿ ಓಡಬೇಕು ಎಂದುಕೊಳ್ಳುತ್ತಾರೆ. ಅಕ್ಕಪಕ್ಕದ ತುಣುಕುಗಳು ಜೊತೆಯಾಗಿ ಹೊರಟು ಜೊತೆಯಾಗಿಯೇ ತಲುಪಬೇಕೆಂಬ ನಿಯಮ ಎಲ್ಲೂ ಇಲ್ಲ. ನೇರ ಕೊಳವೆಯಿಂದ ಸಮವೇಗದಲ್ಲಿ ಬಂದ ನೀರು ಬೆಂಡಿಗೆ ಹೊಕ್ಕಾಗ ಹೊರಗೋಡೆಯ ಬಳಿ ಒತ್ತಡ ಏರಿದ್ದರಿಂದ ನಿಧಾನವಾಗುತ್ತದೆ, ಒಳಗೋಡೆಯ ಬಳಿ ಒತ್ತಡ ಇಳಿದಿದ್ದರಿಂದ ಚುರುಕಾಗುತ್ತದೆ. ರೇಖೆಯ ಉದ್ದಕ್ಕೆ ಬರ್ನೂಲಿ ಸಮೀಕರಣ, ರೇಖೆಗೆ ಅಡ್ಡಲಾಗಿ ಮೇಲಿನ ಸಮೀಕರಣ; ಎರಡನ್ನೂ ಜೊತೆಗಿಟ್ಟರೆ ವೇಗ ತ್ರಿಜ್ಯಕ್ಕೆ ವಿಲೋಮವಾಗಿ ಹಂಚಿಕೊಳ್ಳುತ್ತದೆ, V = C/r, ಇಲ್ಲಿ C ಒಂದು ಸ್ಥಿರಾಂಕ.

ಒಂದು ಲೆಕ್ಕ ಮಾಡೋಣ. ಕೊಳವೆಯ ಒಳವ್ಯಾಸ D 300 ಮಿ.ಮೀ., ಬೆಂಡಿನ ನಡುರೇಖೆಯ ತ್ರಿಜ್ಯ R 450 ಮಿ.ಮೀ., ಸರಾಸರಿ ವೇಗ ಸೆಕೆಂಡಿಗೆ 2 ಮೀಟರ್. ಒಳಗೋಡೆಯ ತ್ರಿಜ್ಯ 300, ಹೊರಗೋಡೆಯದು 600 ಮಿ.ಮೀ. ವೇಗ ಎಲ್ಲೆಡೆ ಒಂದೇ ಎಂದು ಸರಳವಾಗಿ ಹಿಡಿದು, ತ್ರಿಜ್ಯಕ್ಕೆ ನಡುರೇಖೆಯ R ಹಾಕಿದರೆ:

```
Δp = ρV²D/R = 1000 × 4 × 0.3/0.45 = 2667 Pa
```

ಇದು ಸುಮಾರು 272 ಮಿ.ಮೀ. ನೀರಿನ ಎತ್ತರ. V = C/r ಹಂಚಿಕೆ ಹಿಡಿದು ವೃತ್ತಾಕಾರದ ಅಡ್ಡಸೀಳಿಗೆ ಲೆಕ್ಕ ಹಾಕಿದರೆ ಒಳಗೋಡೆಯಲ್ಲಿ ವೇಗ 2.91, ಹೊರಗೋಡೆಯಲ್ಲಿ 1.46 ಮೀಟರ್, ಒತ್ತಡದ ವ್ಯತ್ಯಾಸ ಸುಮಾರು 3180 ಪ್ಯಾಸ್ಕಲ್, ಅಂದರೆ 325 ಮಿ.ಮೀ. ನೀರು. ಈ ವ್ಯತ್ಯಾಸ ಎರಡೂ ಕಡೆ ಸಮನಾಗಿ ಹಂಚಿಹೋಗುವುದಿಲ್ಲ ಎಂಬುದು ಗಮನಿಸಬೇಕಾದ ಮಾತು. ಬೆಂಡಿಗೆ ಮುಂಚಿನ ನೇರ ಭಾಗಕ್ಕೆ ಹೋಲಿಸಿದರೆ ಹೊರಗೋಡೆಯಲ್ಲಿ ಒತ್ತಡ ಏರುವುದು ಸುಮಾರು 940 ಪ್ಯಾಸ್ಕಲ್ ಮಾತ್ರ. ಒಳಗೋಡೆಯಲ್ಲಿ ಇಳಿಯುವುದು 2250. ವೇಗ ವರ್ಗದಲ್ಲಿ ಬರುವುದರಿಂದ ಚುರುಕಾದ ಕಡೆ ಬೆಲೆ ಹೆಚ್ಚು ತೆರಬೇಕಾಗುತ್ತದೆ. ಪಂಪಿನ ಹೀರುಕೊಳವೆಯಲ್ಲಿ ಬೆಂಡಿದ್ದರೆ ಮೊದಲು ಆವಿಗುಳ್ಳೆ ಏಳುವ ಭಯ ಒಳಗೋಡೆಯಲ್ಲೇ ಇರುವುದಕ್ಕೆ ಇದು ಕಾರಣ.

ಈಗ ಅಳತೆ. ತೂತುಗಳು ಬೆಂಡಿನ ನಡುವೆ, 45 ಡಿಗ್ರಿಯಲ್ಲಿ, ಒಂದೇ ತ್ರಿಜ್ಯರೇಖೆಯ ಮೇಲೆ ಎದುರುಬದುರಾಗಿರಬೇಕು. ಒಳಮೈಯಲ್ಲಿ ಕೊರೆದ ಅಂಚು ಎದ್ದು ನಿಂತಿರಬಾರದು. ಎದ್ದ ಅಂಚು ಅದರ ಮೇಲೆ ಹಾಯುವ ನೀರನ್ನು ಕೆಡಿಸಿ ಸುಳ್ಳು ಒತ್ತಡ ಕೊಡುತ್ತದೆ. ಬೆಂಡಿಗೆ ಮುಂಚೆ ವ್ಯಾಸದ 25 ಪಟ್ಟು ನೇರ ಕೊಳವೆ ಇರಲಿ ಎನ್ನುವುದು ಸಾಮಾನ್ಯ ಶಿಫಾರಸು, ನಮ್ಮ ಕೊಳವೆಗೆ ಏಳೂವರೆ ಮೀಟರ್. ಹಿಂದೆಯೇ ಇನ್ನೊಂದು ಬೆಂಡೋ ಅರ್ಧ ತೆರೆದ ವಾಲ್ವೋ ಇದ್ದರೆ ನೀರು ಸುತ್ತುತ್ತಾ ಬರುತ್ತದೆ, ಸೂತ್ರ ಹೊಂದುವುದಿಲ್ಲ.

ಸಾಮಾನ್ಯ ಪ್ರೆಷರ್ ಗೇಜ್ ಇಲ್ಲಿ ಕೆಲಸಕ್ಕೆ ಬಾರದು. 0.1 ಬಾರಿನ ಒಂದು ಗೆರೆ ಎಂದರೆ 10,000 ಪ್ಯಾಸ್ಕಲ್. ನಮಗೆ ಬೇಕಾದದ್ದು ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ. ತಲೆಕೆಳಗಾದ ಯು ಆಕಾರದ ಪಾರದರ್ಶಕ ಕೊಳವೆ ಒಳ್ಳೆಯದು. ಎರಡೂ ಕಾಲುಗಳಲ್ಲಿ ನೀರು, ಮೇಲಿನ ಬಾಗಿನಲ್ಲಿ ಗಾಳಿ. ಮೇಲಿರುವ ಸಣ್ಣ ವಾಲ್ವಿನಿಂದ ಸೈಕಲ್ ಪಂಪಿನಲ್ಲಿ ಗಾಳಿ ತುಂಬುತ್ತಾ ಎರಡೂ ಮಟ್ಟಗಳನ್ನು ಸ್ಕೇಲಿನ ಎದುರಿಗೆ ತಂದುಕೊಳ್ಳಬೇಕು. ಎರಡು ಮಟ್ಟಗಳ ಅಂತರವೇ ನೀರಿನ ಮಿ.ಮೀ.ನಲ್ಲಿ ಉತ್ತರ.

ಬೆಂಡ್ ಮೇಲ್ಮುಖವಾಗಿ ತಿರುಗಿದ್ದರೂ ಈ ಕೊಳವೆಗೆ ತೊಂದರೆಯಿಲ್ಲ. ತೂತುಗಳ ಎತ್ತರದ ವ್ಯತ್ಯಾಸವನ್ನು ನೀರು ತುಂಬಿದ ಟ್ಯೂಬುಗಳೇ ಸರಿದೂಗಿಸುತ್ತವೆ. ಸಮೀಕರಣದ p + ρgz ಅದೇ ತಾನೆ. ಆದರೆ ಎರಡು ತೂತುಗಳಿಗೂ ಬೇರೆಬೇರೆ ಸೂಕ್ಷ್ಮ ಸೆನ್ಸರ್ ಕೂರಿಸಿ ಅಂಕಿಗಳನ್ನು ಕಳೆದರೆ ಮೋಸ ಹೋಗುತ್ತೇವೆ. ಅಡ್ಡ ಬಂದ ಕೊಳವೆ ಮೇಲಕ್ಕೆ ತಿರುಗುವಾಗ ಹೊರಗೋಡೆ ಕೆಳಗಿರುತ್ತದೆ. 45 ಡಿಗ್ರಿಯಲ್ಲಿ ಎತ್ತರದ ವ್ಯತ್ಯಾಸ 300 ಮಿ.ಮೀ.ನ 0.707 ಪಟ್ಟು, ಅಂದರೆ 212 ಮಿ.ಮೀ. ನಿಜವಾದ ವ್ಯತ್ಯಾಸ 240 ಇದ್ದಾಗ ಸೆನ್ಸರ್‌ಗಳು 452 ತೋರಿಸುತ್ತವೆ. ಹರಿವು 37 ಪ್ರತಿಶತ ಹೆಚ್ಚು ಎಂದು ಬರುತ್ತದೆ. ನೀರು ನಿಂತಿರುವಾಗಲೇ ಓದಿ ನೋಡಿದರೆ ಈ ತಪ್ಪು ಸಿಕ್ಕಿಬೀಳುತ್ತದೆ. ಪಂಪ್ ಆಫ್ ಆಗಿ ಕೊಳವೆ ತುಂಬಿದ್ದಾಗ ಮ್ಯಾನೋಮೀಟರಿನ ಎರಡೂ ಮಟ್ಟ ಒಂದೇ ಆಗಿರಬೇಕು. ಆಗಿಲ್ಲವೆಂದರೆ ಟ್ಯೂಬಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದೆ.

ಮ್ಯಾನೋಮೀಟರ್ 240 ಮಿ.ಮೀ. ತೋರಿಸಿತು ಎನ್ನಿ. ಸರಳ ಸೂತ್ರದ ಪ್ರಕಾರ ಹರಿವು ಸೆಕೆಂಡಿಗೆ 133 ಲೀಟರ್, C/r ಹಂಚಿಕೆಯ ಪ್ರಕಾರ 122. ಯಾವುದನ್ನು ನಂಬುವುದು? ಎರಡನ್ನೂ ಪೂರ್ತಿ ನಂಬುವಂತಿಲ್ಲ. ಬರುವ ನೀರಿನ ವೇಗ ಗೋಡೆಯ ಬಳಿ ಮೊದಲೇ ಕಡಿಮೆಯಿರುತ್ತದೆ, ಎರಕದ ಬೆಂಡಿನ ತ್ರಿಜ್ಯವೂ ನಕ್ಷೆಯಲ್ಲಿ ಇದ್ದಂತೆ ಇರುವುದಿಲ್ಲ. ಆದ್ದರಿಂದ ಸೂತ್ರದ ರೂಪವನ್ನಷ್ಟೇ ಉಳಿಸಿಕೊಂಡು ಗುಣಕವನ್ನು ಸ್ಥಳದಲ್ಲೇ ಕಂಡುಕೊಳ್ಳಬೇಕು: Q = K√h. Q ಸೆಕೆಂಡಿಗೆ ಲೀಟರ್‌ಗಳಲ್ಲಿ ಹರಿವು, h ಮ್ಯಾನೋಮೀಟರ್ ತೋರಿಸುವ ಮಿ.ಮೀ., K ಆ ಗುಣಕ.

ಅದೇ ಕೊಳವೆ 40 ಚದರ ಮೀಟರ್ ತಳದ ತೊಟ್ಟಿಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ತೊಟ್ಟಿಯಿಂದ ಹೊರಹೋಗುವ ವಾಲ್ವ್ ಪೂರ್ತಿ ಮುಚ್ಚಿ, 5 ನಿಮಿಷದಲ್ಲಿ ಮಟ್ಟ ಎಷ್ಟು ಏರಿತೆಂದು ಅಳೆಯಿರಿ. 0.95 ಮೀಟರ್ ಏರಿದ್ದರೆ 38 ಘನ ಮೀಟರ್, ಸೆಕೆಂಡಿಗೆ 126.7 ಲೀಟರ್. 240ರ ವರ್ಗಮೂಲ 15.49, ಆದ್ದರಿಂದ K = 8.18. ಮುಂದೆ ಯಾವತ್ತಾದರೂ 150 ಮಿ.ಮೀ. ಕಂಡರೆ ಹರಿವು ಸುಮಾರು 100 ಲೀಟರ್. ವಾಲ್ವ್ ಹಿಡಿದು ಮೂರು ಹರಿವಿನಲ್ಲಿ ಹೀಗೆ ಮಾಡಿ. K ಮೂರರಲ್ಲೂ ಹತ್ತಿರ ಹತ್ತಿರ ಒಂದೇ ಬರಬೇಕು. ಕಡಿಮೆ ಹರಿವಿನಲ್ಲಿ ಮಾತ್ರ ತಪ್ಪಿದರೆ ಅನುಮಾನ ಮೊದಲು ಗಾಳಿಗುಳ್ಳೆಯ ಮೇಲೆ. ವೇಗ ಸೆಕೆಂಡಿಗೆ 0.5 ಮೀಟರಿಗೆ ಇಳಿದರೆ h ಬರೀ 17-20 ಮಿ.ಮೀ. ಆಗುತ್ತದೆ. ಆಗ ಓದುವುದರಲ್ಲಿ 2 ಮಿ.ಮೀ. ತಪ್ಪಿದರೂ ಹರಿವಿನಲ್ಲಿ 5-6 ಪ್ರತಿಶತ ತಪ್ಪು. 240ರಲ್ಲಿ ಅದೇ 2 ಮಿ.ಮೀ. ಅರ್ಧ ಪ್ರತಿಶತವೂ ಅಲ್ಲ.

ತೂತುಗಳು ಬೆಂಡಿನ ಕೊನೆಯಲ್ಲಿ ಯಾಕೆ ಬೇಡ ಎಂಬುದಕ್ಕೂ ಉತ್ತರ ಈ ಅಡ್ಡ ಒತ್ತಡದಲ್ಲೇ ಇದೆ. ಬೆಂಡಿನ ಮೇಲಿನ ಮತ್ತು ತಳದ ಗೋಡೆಗೆ ಅಂಟಿಕೊಂಡಿರುವ ನೀರು ನಿಧಾನದ್ದು. ಅದನ್ನು ತಿರುಗಿಸಲು ಕಡಿಮೆ ಬಲ ಸಾಕು, ಆದರೆ ನಡುವಿನ ವೇಗದ ನೀರಿಗೆಂದು ಎದ್ದ ಒತ್ತಡ ಅದರ ಮೇಲೂ ಬೀಳುತ್ತದೆ. ಹಾಗಾಗಿ ಅದು ಗೋಡೆಗುಂಟ ಒಳಗಡೆಗೆ ಜಾರುತ್ತದೆ, ಅದರ ಜಾಗ ತುಂಬಲು ನಡುವಿನ ನೀರು ಹೊರಗಡೆಗೆ ಸರಿಯುತ್ತದೆ. ಹೊಳೆಯ ತಿರುವಿನ ಒಳದಂಡೆಯಲ್ಲಿ ಮರಳು ಕೂರುವುದೂ, ಕಲಕಿದ ಲೋಟದ ತಳದಲ್ಲಿ ಚಹಾಸೊಪ್ಪು ನಡುವಿಗೆ ಸೇರುವುದೂ ಇದರಿಂದಲೇ. ಐನ್‌ಸ್ಟೈನ್ 1926ರಲ್ಲಿ ಇವೆರಡನ್ನೂ ಒಟ್ಟಿಗೆ ವಿವರಿಸಿದ್ದ. ಬೆಂಡಿನ ಕೊನೆಗೆ ಬರುವಷ್ಟರಲ್ಲಿ ಈ ಜೋಡಿಸುಳಿ ಬೆಳೆದಿರುತ್ತದೆ. R ವ್ಯಾಸದಷ್ಟೇ ಇರುವ ಗಿಡ್ಡ ಬೆಂಡಿನಲ್ಲಂತೂ ಒಳಗೋಡೆಯ ನೀರು ಏರುವ ಒತ್ತಡ ತಡೆಯಲಾರದೆ ಗೋಡೆ ಬಿಡುತ್ತದೆ. ಅಲ್ಲಿ ಕೊರೆದ ತೂತಿನ ಮಟ್ಟ ನಿಲ್ಲದೆ ಕುಣಿಯುತ್ತಲೇ ಇರುತ್ತದೆ.