ಯುವಿ 400: ತಂಪು ಕನ್ನಡಕದ ಚೀಟಿ ಹೇಳುವುದೇನು?

ಮೆಜೆಸ್ಟಿಕ್ ಬಳಿಯ ಪಾದಚಾರಿ ಮಾರ್ಗದಲ್ಲಿ ತಂಪು ಕನ್ನಡಕ ಆರಿಸುವಾಗ ಕೈ ತಾನಾಗಿಯೇ ಕಡುಗಪ್ಪು ಮಸೂರದತ್ತ ಹೋಗುತ್ತದೆ. ಕಪ್ಪು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬ ಲೆಕ್ಕಾಚಾರ. ಆದರೆ ಮಸೂರದ ಮೂಲೆಗೆ ಅಂಟಿಸಿರುವ ಉಗುರಗಲದ ಚೀಟಿಯಲ್ಲಿ ‘ಯುವಿ 400’ ಎಂದಿದ್ದರೆ, ಅದಕ್ಕೂ ಕಪ್ಪು ಬಣ್ಣಕ್ಕೂ ಸಂಬಂಧವೇ ಇಲ್ಲ.

400 ಎಂದರೆ 400 ನ್ಯಾನೊಮೀಟರ್, ಅಂದರೆ ಬೆಳಕಿನ ತರಂಗದ ಉದ್ದ. ಕಣ್ಣಿಗೆ ಕಾಣುವ ನೇರಳೆ ಬಣ್ಣ ಹೆಚ್ಚುಕಡಿಮೆ ಅಲ್ಲಿಂದ ಶುರುವಾಗುತ್ತದೆ. ಅದಕ್ಕಿಂತ ಕಿರಿದಾದವು ನಮಗೆ ಕಾಣದ ನೇರಳಾತೀತ, ಅಂದರೆ ಯುವಿ ಕಿರಣಗಳು. ಆ ಗಡಿಯವರೆಗೂ ಮಸೂರ ಅವುಗಳನ್ನು ತಡೆಯುತ್ತದೆ ಎಂಬುದೇ ಈ ಪದದ ಅರ್ಥ. ಬರೀ ‘ಶೇ 100 ಯುವಿ ರಕ್ಷಣೆ’ ಎಂದಿದ್ದರೆ ಎಲ್ಲಿಯವರೆಗೆ ಎಂದು ಕೇಳಬೇಕು. ಕೆಲವು ಮಾನದಂಡಗಳು 380ಕ್ಕೇ ಲೆಕ್ಕ ಮುಗಿಸುತ್ತವೆ.

ಕಪ್ಪಿನ ಅಳತೆಯೇ ಬೇರೆ. ಕನ್ನಡಕದ ಕಡ್ಡಿಯ ಒಳಬದಿಯಲ್ಲಿ ‘ಕೆಟಗರಿ’ ಎಂದು 0ಯಿಂದ 4ರವರೆಗಿನ ಒಂದು ಅಂಕಿ ಇರಬಹುದು. 3 ಎಂದರೆ ಕಾಣುವ ಬೆಳಕಿನಲ್ಲಿ ಶೇ 8ರಿಂದ 18ರಷ್ಟು ಮಾತ್ರ ಒಳಬರುತ್ತದೆ. ಬೆಂಗಳೂರಿನ ಬಿಸಿಲಿಗೆ ಅಷ್ಟು ಸಾಕು. 4 ಎಷ್ಟು ಕಪ್ಪೆಂದರೆ, ಅದನ್ನು ಹಾಕಿಕೊಂಡು ವಾಹನ ಓಡಿಸಬಾರದು.

ಯುವಿ ತಡೆಯದ ಕಪ್ಪು ಮಸೂರದ ತೊಂದರೆ ಹೀಗೆ. ಬಿಸಿಲಲ್ಲಿ 2 ಮಿಲಿಮೀಟರಿಗೆ ಕುಗ್ಗಿದ್ದ ಕಣ್ಣಿನ ಪಾಪೆ, ಕತ್ತಲಾಯಿತೆಂದು 4 ಮಿಲಿಮೀಟರಿಗೆ ಹಿಗ್ಗಿತು ಎನ್ನೋಣ. ಅಡ್ಡಳತೆ ಎರಡು ಪಟ್ಟಾದರೆ ಬಾಗಿಲಿನ ವಿಸ್ತೀರ್ಣ ನಾಲ್ಕು ಪಟ್ಟು. ಮಸೂರ ಮುಕ್ಕಾಲು ಪಾಲು ಯುವಿಯನ್ನು ತಡೆದರೂ ಪಾಪೆಯ ಮೂಲಕ ಒಳಹೋಗುವುದು ಬರಿಗಣ್ಣಿನಷ್ಟೇ. ಅದಕ್ಕಿಂತ ಕಡಿಮೆ ತಡೆದರೆ ನಷ್ಟ. ಜತೆಗೆ ಬಿಸಿಲಿಗೆ ಕಣ್ಣು ಕಿರಿದು ಮಾಡುವ ನಮ್ಮ ಅಭ್ಯಾಸವೂ ತಪ್ಪಿಹೋಗುತ್ತದೆ. ಹಾಗೆಂದು ಅಗ್ಗದ್ದೆಲ್ಲ ಅಪಾಯವೆನ್ನಲಾಗದು; ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ಗೆ ಬಣ್ಣವಿಲ್ಲದಿದ್ದರೂ ಯುವಿ ಬಹುಪಾಲು ಅದರಲ್ಲೇ ಹೀರಿಹೋಗುತ್ತದೆ.

ಚೀಟಿಯನ್ನು ಯಾರು ಬೇಕಾದರೂ ಮುದ್ರಿಸಬಹುದು. ಮನೆಯಲ್ಲೇ ನೋಡಬೇಕೆಂದರೆ 365 ನ್ಯಾನೊಮೀಟರಿನ ಯುವಿ ಟಾರ್ಚ್ ಮತ್ತು ಒಂದು ನೋಟು ಸಾಕು. ಕತ್ತಲ ಕೋಣೆಯಲ್ಲಿ ಟಾರ್ಚ್ ಬಿಟ್ಟರೆ ನೋಟಿನ ಕ್ರಮಸಂಖ್ಯೆ ಹೊಳೆಯುತ್ತದೆ. ಈಗ ಟಾರ್ಚ್ ಮತ್ತು ನೋಟಿನ ನಡುವೆ ಮಸೂರ ಹಿಡಿಯಿರಿ. ನೋಟಿಗೂ ಕಣ್ಣಿಗೂ ನಡುವೆ ಹಿಡಿದರೆ ಹೊಳಪನ್ನು ಕಪ್ಪು ಬಣ್ಣವೇ ನುಂಗಿ ಮೋಸವಾಗುತ್ತದೆ. ಹೊಳಪು ಆರಿದರೆ 365ರಲ್ಲಿ ತಡೆ ಇದೆ ಎಂದರ್ಥ. ಅಗ್ಗದ ಟಾರ್ಚ್‌ಗಳು ಹೆಚ್ಚಾಗಿ 395ರ ಆಸುಪಾಸಿನವು. ಅವುಗಳ ನೇರಳೆ ಬೆಳಕು ಒಳ್ಳೆಯ ಮಸೂರದಲ್ಲೂ ಸ್ವಲ್ಪ ನುಸುಳುತ್ತದೆ, ಅದನ್ನು ಕಂಡು ಕನ್ನಡಕ ಎಸೆಯಬೇಡಿ. 400ರವರೆಗಿನ ಪೂರ್ತಿ ಲೆಕ್ಕ ಬೇಕಾದರೆ ಯುವಿ ಮೀಟರ್ ಇರುವ ಕನ್ನಡಕದ ಅಂಗಡಿಗೆ ಹೋಗಿ. ಅಲ್ಲಿ ಮಸೂರವನ್ನು ಯಂತ್ರದ ಸಂದಿಯಲ್ಲಿಟ್ಟು ಕ್ಷಣದಲ್ಲೇ ಅಂಕಿ ತೋರಿಸುತ್ತಾರೆ.