ಖಾಲಿ ಗೋಡೆಯ ಫೋಟೊದಲ್ಲಿ ಪೋಸ್ಟರ್: ಅಳತೆಗೆ ಬಾಗಿಲು, ಬೆಳಕಿಗೆ ಸ್ವಿಚ್ ಬೋರ್ಡು

ಫ್ರೇಮು ಹಾಕಿಸುವ ಗ್ರಾಹಕರು ಮನೆಯ ಖಾಲಿ ಗೋಡೆಯ ಫೋಟೊ ಕಳುಹಿಸಿ, ಪೋಸ್ಟರ್ ಅಲ್ಲಿ ಹೇಗೆ ಕಾಣುತ್ತದೆಂದು ತೋರಿಸಿ ಎಂದು ಕೇಳುವುದು ಈಗ ಸಾಮಾನ್ಯವಾಗಿದೆ. ಇಂಥ ಕೆಲಸದಲ್ಲಿ ಹೆಚ್ಚಿನವರು ಪೋಸ್ಟರಿನ ನಾಲ್ಕು ಮೂಲೆಗಳನ್ನು ಕಣ್ಣಂದಾಜಿನಲ್ಲಿ ಎಳೆದು ಕೂರಿಸುತ್ತಾರೆ. ಆಗ ಓರೆ ಸರಿಯಾಗಿದ್ದಂತೆ ತೋರಿದರೂ ಗಾತ್ರ ತಪ್ಪಿರುತ್ತದೆ, ಮತ್ತು ನಿಜವಾದ ಫ್ರೇಮು ಗೋಡೆಗೇರಿದ ದಿನ ಗ್ರಾಹಕರಿಗೆ ಅದು ಚಿಕ್ಕದಾಯಿತೆನಿಸುತ್ತದೆ. ಅಳತೆಗೆ ಬೇಕಾದ ಆಧಾರ ಬಹುತೇಕ ಫೋಟೊಗಳಲ್ಲೇ ಇರುತ್ತದೆ.

ಇತ್ತೀಚೆಗೆ ಬಂದ ಒಂದು ಫೋಟೊವನ್ನೇ ತೆಗೆದುಕೊಳ್ಳುತ್ತೇನೆ. ಅದರ ಬಲಗಡೆ, ಅದೇ ಗೋಡೆಯಲ್ಲಿ, ಒಂದು ಬಾಗಿಲಿತ್ತು, ಎಡಬದಿಯಲ್ಲಿ ಕಿಟಕಿ, ಫೋಟೊ ತೆಗೆದವರು ಬಾಗಿಲಿನ ಕಡೆಯೇ ನಿಂತಿದ್ದರು. ಬಾಗಿಲುವಾಡದ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿಯಲು ಹೇಳಿದಾಗ ಅಗಲ 36 ಇಂಚು, ನೆಲದಿಂದ ಎತ್ತರ 84 ಇಂಚು ಎಂದು ತಿಳಿಯಿತು. ಹಾಕಬೇಕಾದ ಪೋಸ್ಟರ್ 24×36 ಇಂಚಿನದು. ಒಂದಿಂಚಿನ ಪಟ್ಟಿ ಸೇರಿದರೆ ಹೊರ ಅಳತೆ 26×38.

ಮೊದಲು ಬಾಗಿಲಿನ ಮೇಲಂಚನ್ನೂ ನೆಲ ಮತ್ತು ಗೋಡೆ ಕೂಡುವ ಗೆರೆಯನ್ನೂ ಎಡಕ್ಕೆ ಉದ್ದವಾಗಿ ಎಳೆದುಕೊಂಡೆ. ಬಳಿಕ ಬಾಗಿಲಿನ ಬಲ ಮೇಲ್ಮೂಲೆಯಿಂದ ಹೊರಟು, ಎಡ ಅಂಚಿನ ನಟ್ಟನಡುವೆ ಹಾದು, ನೆಲದ ಗೆರೆಯನ್ನು ಮುಟ್ಟುವಂತೆ ಒಂದು ಓರೆಗೆರೆ ಎಳೆದೆ. ಆ ಗೆರೆ ನೆಲವನ್ನು ಮುಟ್ಟಿದ ಜಾಗ ಬಾಗಿಲಿನ ಎಡ ಅಂಚಿನಿಂದ ಸರಿಯಾಗಿ ಇನ್ನೊಂದು 36 ಇಂಚು ದೂರದಲ್ಲಿರುತ್ತದೆ. ಮೊಬೈಲನ್ನು ಮೇಲಕ್ಕೋ ಕೆಳಕ್ಕೋ ವಾಲಿಸಿ ತೆಗೆದಿದ್ದರೆ ನಿಂತ ಗೆರೆಗಳೂ ಒಂದರತ್ತ ಒಂದು ವಾಲುವುದರಿಂದ ಈ ನಡುಬಿಂದು ತುಸು ತಪ್ಪುತ್ತದೆ. ಆದ್ದರಿಂದ ಅವುಗಳನ್ನು ಮುಂಚೆಯೇ ನೆಟ್ಟಗೆ ಮಾಡಿಕೊಳ್ಳಬೇಕು. ಹೀಗೆ ಬಾಗಿಲಿನ ಪಕ್ಕದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಬಾಗಿಲು ಸಿಕ್ಕಿದಂತಾಯಿತು, ಅದರ ನಾಲ್ಕು ಮೂಲೆಗಳೂ ಗೊತ್ತಾದವು.

ಈಗ ಫೋಟೊಶಾಪಿನಲ್ಲಿ 36×84ರ ಪ್ರಮಾಣದ ಖಾಲಿ ಹಾಳೆಯೊಂದನ್ನು ತೆರೆದು, ಫ್ರೇಮಿನ ನಡುಭಾಗ ನೆಲದಿಂದ 60 ಇಂಚಿಗೆ ಬರುವಂತೆ ಇಟ್ಟು, ಹಾಳೆಯ ಅಂಚಿಗೆ ತೆಳುಗೆರೆ ಹಾಕಿ, ಅದನ್ನು ಸ್ಮಾರ್ಟ್ ಆಬ್ಜೆಕ್ಟ್ ಆಗಿ ಗೋಡೆಯ ಫೋಟೊಗೆ ತಂದೆ. Edit > Perspective Warp ತೆರೆದು, Layout ಹಂತದಲ್ಲಿ ಬಲೆಯ ಮೂಲೆಗಳನ್ನು ಹಾಳೆಯ ಮೂಲೆಗಳಿಗೆ ಹೊಂದಿಸಿ, Warp ಹಂತದಲ್ಲಿ ಅವೇ ಮೂಲೆಗಳನ್ನು ಆ ಎರಡನೆಯ ಬಾಗಿಲಿನ ಮೂಲೆಗಳಿಗೆ ಎಳೆದರೆ, ಫ್ರೇಮು ತನ್ನ ಜಾಗಕ್ಕೆ ತನ್ನ ಗಾತ್ರದಲ್ಲಿ ತಾನಾಗಿಯೇ ಹೋಗಿ ಕೂರುತ್ತದೆ. ಅಂಚಿನ ಗೆರೆಯನ್ನು ಆಮೇಲೆ ಅಳಿಸಿದರಾಯಿತು. ಫೋನಿನ ಅತಿ ಅಗಲದ ಲೆನ್ಸಿನಲ್ಲಿ ತೆಗೆದ ಫೋಟೊದಲ್ಲಿ ಬಾಗಿಲಿನ ಅಂಚೇ ಬಿಲ್ಲಿನಂತೆ ಬಾಗಿರುತ್ತದೆ; ಆ ಬಾಗನ್ನು ತಿದ್ದದೆ ಈ ಲೆಕ್ಕಕ್ಕೆ ಕೈ ಹಾಕಬಾರದು.

ಇಷ್ಟಾದರೂ ಪೋಸ್ಟರ್ ಅಂಟಿಸಿದ ಹಾಗೆಯೇ ಕಾಣುತ್ತಿತ್ತು, ಏಕೆಂದರೆ ಅದರ ಬಿಳಿ ಅಂಚು ಆ ಕೋಣೆಯ ಯಾವ ಬಿಳಿಗಿಂತಲೂ ಬಿಳಿಯಾಗಿತ್ತು. ಗೋಡೆ ಹಳದಿಯಾಗಿದ್ದರೆ ಅದು ಬಣ್ಣದ ಹಳದಿಯೋ ಬೆಳಕಿನ ಹಳದಿಯೋ ಎಂಬುದನ್ನು ಗೋಡೆಯನ್ನು ನೋಡಿ ಹೇಳಲಾಗದು. ಅದಕ್ಕಾಗಿ ನಾನು ಸ್ವಿಚ್ ಬೋರ್ಡಿನ ಬಿಳಿ ಪ್ಲೇಟನ್ನು ನೋಡುತ್ತೇನೆ; ಹಳೆಯದಾಗಿ ಹಳದಿಗಟ್ಟಿದ್ದರೆ ಮಾತ್ರ ಅದನ್ನು ನಂಬುವುದಿಲ್ಲ. ಇಲ್ಲಿ ಅದು Info ಫಲಕದಲ್ಲಿ ಕೆಂಪು 214, ಹಸಿರು 205, ನೀಲಿ 188 ಎಂದು ತೋರಿತು. Curves ಬಳಸಿ ಪೋಸ್ಟರಿನ ಬಿಳಿಯ ಮೂರೂ ಬಣ್ಣಗಳನ್ನು ಆ ಸಂಖ್ಯೆಗಳಿಗೆ ಇಳಿಸಿದೆ. ಪೋಸ್ಟರಿನ ಕಪ್ಪು ಸೊನ್ನೆಯಲ್ಲಿತ್ತು, ಆದರೆ ಫೋಟೊದಲ್ಲಿ ಸೋಫಾದ ಅಡಿಯ ಕತ್ತಲೆಯೂ 20ರ ಆಸುಪಾಸಿನಲ್ಲಿದ್ದುದರಿಂದ ಕಪ್ಪನ್ನು ಅಲ್ಲಿಗೆ ಎತ್ತಿದೆ.

ಕಿಟಕಿಯಿಂದ ದೂರ ಸರಿದಂತೆ ಗೋಡೆ ಮಂಕಾಗುವುದನ್ನು ಗ್ರೇಡಿಯಂಟಿನಿಂದ ಬರೆಯಲು ಹೋಗಬಾರದು. ಫ್ರೇಮಿನ ಹಿಂದಿರುವ ಗೋಡೆಯ ತುಣುಕನ್ನೇ ನಕಲು ಮಾಡಿ, ಬಣ್ಣ ತೆಗೆದು, ಗೋಡೆಯ ಗಾರೆಯ ಒರಟು ಕಾಣದಷ್ಟು ಮಸುಕುಗೊಳಿಸಿ, ಅದರ ಅತಿ ಬೆಳಕಿನ ಭಾಗ ಪೂರ್ತಿ ಬಿಳಿಯಾಗುವಂತೆ ಏರಿಸಿ, Multiply ಆಗಿ ಪೋಸ್ಟರಿಗೆ ಕ್ಲಿಪ್ ಮಾಡಿದೆ. ಏರಿಸುವುದನ್ನು ಮರೆತರೆ ಪೋಸ್ಟರ್ ಎರಡು ಸಲ ಕಪ್ಪಾಗುತ್ತದೆ.

ನೆರಳಿನ ವಿಷಯದಲ್ಲಿ ಸಿದ್ಧ ಡ್ರಾಪ್ ಶ್ಯಾಡೊ ನನಗೆ ಎಂದೂ ಹಿಡಿಸಿಲ್ಲ. ಗೋಡೆಗೆ ತಾಗುವಲ್ಲಿ ಕೂದಲೆಳೆಯಷ್ಟು ದಟ್ಟ ಗೆರೆ, ಅದರಾಚೆ ಬಲಕ್ಕೂ ತುಸು ಕೆಳಕ್ಕೂ ಹರಡಿ ಕರಗುವ ತೆಳು ನೆರಳು, ಹೀಗೆ ಎರಡು ಲೇಯರುಗಳು ಬೇಕು. ಎರಡರ ಬಣ್ಣವೂ ಕಪ್ಪಾಗಿರದೆ, ಸೋಫಾದ ಹಿಂದೆ ಮಂಕಾದ ಗೋಡೆಯಿಂದ ಎತ್ತಿಕೊಂಡದ್ದಾಗಿರಬೇಕು. ನೋಡುವವರು ಬಲಕ್ಕಿರುವುದರಿಂದ ಫ್ರೇಮಿನ ಬಲ ಮಗ್ಗುಲು ಸಣ್ಣ ಪಟ್ಟಿಯಾಗಿ ಕಾಣಲೇಬೇಕು, ಮತ್ತು ಕಿಟಕಿಗೆ ಬೆನ್ನು ಮಾಡಿರುವ ಆ ಪಟ್ಟಿ ಮುಂಭಾಗಕ್ಕಿಂತ ಕಪ್ಪಾಗಿರಬೇಕು. ಕೊನೆಯಲ್ಲಿ ಚಿತ್ರವನ್ನು ನೂರು ಶೇಕಡಾ ಗಾತ್ರದಲ್ಲಿ ನೋಡಿ, ಪೋಸ್ಟರಿನ ಅಕ್ಷರಗಳು ಪಕ್ಕದ ಸ್ವಿಚ್ಚಿನ ಅಂಚಿಗಿಂತ ಚೂಪಾಗಿ ಕಂಡದ್ದರಿಂದ ಅರ್ಧ ಪಿಕ್ಸೆಲಿನಷ್ಟು ಮಸುಕನ್ನೂ ಫೋಟೊದಲ್ಲಿದ್ದಷ್ಟೇ ಕಾಳುಕಾಳನ್ನೂ ಸೇರಿಸಿ ಕಳುಹಿಸಿದೆ.